ಪ್ಯಾನ್–ಆಧಾರ್ ಜೋಡಣೆ ಮತ್ತು ನಿಷ್ಕ್ರಿಯ ಪ್ಯಾನ್

ಪ್ಯಾನ್–ಆಧಾರ್ ಜೋಡಣೆ ಎಂಬುದು ಆದಾಯ ತೆರಿಗೆ ಇಲಾಖೆ ನೀಡುವ ಶಾಶ್ವತ ಖಾತೆ ಸಂಖ್ಯೆಯನ್ನು (ಪ್ಯಾನ್) ಅದೇ ವ್ಯಕ್ತಿಯ ಆಧಾರ್ ಸಂಖ್ಯೆಯೊಂದಿಗೆ ಇಲಾಖೆಯ ದಾಖಲೆಯಲ್ಲಿ ಸೇರಿಸುವ ಪ್ರಕ್ರಿಯೆಯಾಗಿದೆ. 1961ರ ಆದಾಯ ತೆರಿಗೆ ಕಾಯ್ದೆಗೆ 2017ರಲ್ಲಿ ಸೇರಿಸಲಾದ 139ಎಎ ಕಲಂ ಇದನ್ನು ಕಡ್ಡಾಯಗೊಳಿಸಿತು. ಗಡುವಿನೊಳಗೆ ಜೋಡಣೆಯಾಗದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯಗೊಂಡಿವೆ. ನಿಷ್ಕ್ರಿಯ ಪ್ಯಾನ್ ರದ್ದಾದ ಪ್ಯಾನ್ ಅಲ್ಲ. ಸಂಖ್ಯೆ ಅದೇ ವ್ಯಕ್ತಿಯ ಹೆಸರಿನಲ್ಲಿ ಉಳಿಯುತ್ತದೆ, ಅದರ ಮೂಲಕ ವಿವರಪಟ್ಟಿ (ರಿಟರ್ನ್) ಸಲ್ಲಿಸಲೂ ಬರುತ್ತದೆ. ಆದರೆ ತೆರಿಗೆ ಮರುಪಾವತಿ ತಡೆಹಿಡಿಯಲ್ಪಡುತ್ತದೆ ಮತ್ತು ಮೂಲದಲ್ಲಿ ಹೆಚ್ಚಿನ ದರದಲ್ಲಿ ತೆರಿಗೆ ಕಡಿತವಾಗುತ್ತದೆ. ಈ ಪರಿಣಾಮಗಳು ಪ್ಯಾನ್ ಹೊಂದಿದವರ ಮೇಲೆ ಮಾತ್ರವಲ್ಲದೆ, ಅವರಿಗೆ ಹಣ ಪಾವತಿಸುವವರ ಮೇಲೂ ಬೀಳುತ್ತವೆ.

## ಎರಡು ಸಂಖ್ಯೆಗಳು

ಪ್ಯಾನ್ ಹತ್ತು ಅಕ್ಷರಾಂಕಗಳ ಸಂಖ್ಯೆ. ಮೊದಲ ಐದು ಇಂಗ್ಲಿಷ್ ಅಕ್ಷರಗಳು, ಮುಂದಿನ ನಾಲ್ಕು ಅಂಕಿಗಳು, ಕೊನೆಯದು ಮತ್ತೆ ಒಂದು ಅಕ್ಷರ. ನಾಲ್ಕನೆಯ ಅಕ್ಷರ ಖಾತೆದಾರರ ವರ್ಗವನ್ನು ತಿಳಿಸುತ್ತದೆ. ವ್ಯಕ್ತಿಗಳ ಪ್ಯಾನ್‌ನಲ್ಲಿ ಅದು `P` ಆಗಿರುತ್ತದೆ, ಕಂಪನಿಗಳಲ್ಲಿ `C`. ಐದನೆಯ ಅಕ್ಷರ ವ್ಯಕ್ತಿಯ ಕೊನೆಯ ಹೆಸರಿನ ಮೊದಲ ಅಕ್ಷರ. ಕಂಪನಿ, ಪಾಲುದಾರಿಕೆ ಸಂಸ್ಥೆ, ಅವಿಭಕ್ತ ಕುಟುಂಬಗಳಿಗೂ ಪ್ಯಾನ್ ಇರುವುದುಂಟು. ಜೋಡಣೆಯ ನಿಯಮ ಮಾತ್ರ ವ್ಯಕ್ತಿಗಳಿಗೆ ಸೀಮಿತ.

ಆಧಾರ್ ಹನ್ನೆರಡು ಅಂಕಿಗಳ ಗುರುತಿನ ಸಂಖ್ಯೆ. ಇದನ್ನು ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರ ನೀಡುತ್ತದೆ. ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತುಗಳನ್ನು ಪಡೆದು ನೀಡುವುದರಿಂದ ಒಬ್ಬರಿಗೆ ಒಂದೇ ಆಧಾರ್ ಇರಬೇಕೆಂಬುದು ಇದರ ತತ್ತ್ವ. ಪ್ಯಾನ್ ವಿಷಯದಲ್ಲಿಯೂ ಒಬ್ಬರಿಗೆ ಒಂದೇ ಎಂಬ ನಿಯಮವಿದೆ. ಆದರೆ ಹೆಸರು, ತಂದೆಯ ಹೆಸರು, ಜನ್ಮದಿನಾಂಕಗಳ ಆಧಾರದ ಮೇಲಷ್ಟೇ ಪ್ಯಾನ್ ನೀಡುತ್ತಿದ್ದ ಕಾಲದಲ್ಲಿ ಹೆಸರಿನ ಕಾಗುಣಿತವನ್ನು ಸ್ವಲ್ಪ ಬದಲಿಸಿ ಎರಡನೆಯ ಪ್ಯಾನ್ ಪಡೆಯುವುದು ಕಷ್ಟವಾಗಿರಲಿಲ್ಲ. ಒಬ್ಬರೇ ಹಲವು ಪ್ಯಾನ್‌ಗಳಲ್ಲಿ ಆದಾಯವನ್ನು ಹಂಚಿ ತೋರಿಸುವುದನ್ನು ತಡೆಯುವುದು ಜೋಡಣೆಯ ಮುಖ್ಯ ಉದ್ದೇಶವೆಂದು ಸರ್ಕಾರ ನ್ಯಾಯಾಲಯದಲ್ಲಿ ವಾದಿಸಿತ್ತು.

## ಕಾನೂನಿನ ಬೆಳವಣಿಗೆ

2017ರ ಹಣಕಾಸು ಕಾಯ್ದೆ ಸೇರಿಸಿದ 139ಎಎ ಕಲಂ ಅದೇ ವರ್ಷದ ಜುಲೈ 1ರಿಂದ ಜಾರಿಗೆ ಬಂದಿತು. ಹೊಸ ಪ್ಯಾನ್‌ನ ಅರ್ಜಿಯಲ್ಲಿಯೂ ಆದಾಯ ತೆರಿಗೆ ವಿವರಪಟ್ಟಿಯಲ್ಲಿಯೂ ಆಧಾರ್ ನಮೂದಿಸಬೇಕೆಂದು ಅದು ವಿಧಿಸಿತು. ಆ ದಿನಕ್ಕೆ ಪ್ಯಾನ್ ಹೊಂದಿದ್ದವರು ತಮ್ಮ ಆಧಾರ್ ಸಂಖ್ಯೆಯನ್ನು ಇಲಾಖೆಗೆ ತಿಳಿಸಬೇಕಾಯಿತು. ತಿಳಿಸದಿದ್ದರೆ ಪ್ಯಾನ್ ಅಸಿಂಧು ಎಂದು ಪರಿಗಣಿಸಲಾಗುವುದೆಂದೂ, ಪ್ಯಾನ್‌ಗೆ ಅರ್ಜಿಯನ್ನೇ ಸಲ್ಲಿಸಿರಲಿಲ್ಲವೆಂಬಂತೆ ನೋಡಲಾಗುವುದೆಂದೂ ಮೂಲ ಕಲಮಿನಲ್ಲಿತ್ತು.

ಈ ಕಲಮನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಲ್ಲಿ ಕೇರಳದ ರಾಜಕಾರಣಿ ಬಿನೋಯ್ ವಿಶ್ವಂ ಮತ್ತು ಮೈಸೂರಿನಲ್ಲಿ ನೆಲೆಸಿದ ನಿವೃತ್ತ ಮೇಜರ್ ಜನರಲ್ ಎಸ್. ಜಿ. ವೊಂಬತ್ಕೆರೆ ಇದ್ದರು. ನ್ಯಾಯಮೂರ್ತಿಗಳಾದ ಎ. ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ 2017ರ ಜೂನ್ 9ರಂದು ಕಲಮನ್ನು ಎತ್ತಿಹಿಡಿಯಿತು. ಆದರೆ ಖಾಸಗಿತನದ ಪ್ರಶ್ನೆ ಸಂವಿಧಾನ ಪೀಠದ ಮುಂದೆ ಬಾಕಿಯಿದ್ದುದರಿಂದ, ಆಧಾರ್ ಪಡೆಯದವರ ಪ್ಯಾನ್ ಅಸಿಂಧುವಾಗುವುದಕ್ಕೆ ಆಂಶಿಕ ತಡೆ ನೀಡಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಹೆಸರಿನಿಂದ ಪ್ರಸಿದ್ಧವಾದ ಆಧಾರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 26ರಂದು ಬಹುಮತದಿಂದ ಈ ಕಲಂ ಸಂವಿಧಾನಬದ್ಧವೆಂದು ತೀರ್ಪಿತ್ತಿತು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಭಿನ್ನಮತದ ತೀರ್ಪು ಬರೆದರು.

ಆ ಬಳಿಕ ಶಿಕ್ಷೆಯ ಸ್ವರೂಪ ಹಂತಹಂತವಾಗಿ ಬದಲಾಯಿತು. ಅಸಿಂಧುವಾದರೆ ಹಿಂದೆ ಆ ಪ್ಯಾನ್ ಬಳಸಿ ಮಾಡಿದ ವ್ಯವಹಾರಗಳ ಗತಿಯೇನು ಎಂಬ ಸಂದೇಹವಿತ್ತು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ‘ಅಸಿಂಧು’ ಎಂಬುದನ್ನು ತೆಗೆದು, ಅದರ ಸ್ಥಾನದಲ್ಲಿ ‘ನಿಷ್ಕ್ರಿಯ’ ಎಂಬ ಪದವನ್ನು ಇರಿಸಿತು. 2020ರ ಫೆಬ್ರವರಿಯಲ್ಲಿ ಬಂದ 114ಎಎಎ ನಿಯಮದ ಪ್ರಕಾರ ನಿಷ್ಕ್ರಿಯ ಪ್ಯಾನ್ ಹೊಂದಿದವರನ್ನು ಪ್ಯಾನ್ ಒದಗಿಸದವರೆಂದು ಭಾವಿಸಿ, ಕಾಯ್ದೆಯ ಎಲ್ಲ ಪರಿಣಾಮಗಳಿಗೂ ಗುರಿಪಡಿಸಬಹುದಾಗಿತ್ತು. 2023ರ ಮಾರ್ಚ್ 28ರಂದು ಕೇಂದ್ರ ನೇರ ತೆರಿಗೆ ಮಂಡಳಿ ಈ ನಿಯಮವನ್ನು ಹೊಸದಾಗಿ ರೂಪಿಸಿ, ಪರಿಣಾಮಗಳನ್ನು ನಾಲ್ಕಕ್ಕೆ ಇಳಿಸಿತು.

ಗಡುವನ್ನು ಹಲವು ಬಾರಿ ಮುಂದೂಡಲಾಯಿತು. ಶುಲ್ಕವಿಲ್ಲದೆ ಜೋಡಿಸುವ ಅವಕಾಶ 2022ರ ಮಾರ್ಚ್ 31ಕ್ಕೆ ಮುಗಿಯಿತು. ಮುಂದಿನ ಮೂರು ತಿಂಗಳು ವಿಳಂಬ ಶುಲ್ಕ 500 ರೂಪಾಯಿ, 2022ರ ಜುಲೈ 1ರಿಂದ 1,000 ರೂಪಾಯಿ. ಈ ಶುಲ್ಕಕ್ಕೆ ಆಧಾರ 234ಎಚ್ ಕಲಂ. ಅದರ ಪ್ರಕಾರ ಶುಲ್ಕ 1,000 ರೂಪಾಯಿ ಮೀರುವಂತಿಲ್ಲ. ಕೊನೆಯ ಸಾಮಾನ್ಯ ಗಡುವು 2023ರ ಜೂನ್ 30. ಅದರ ಮರುದಿನದಿಂದ ಜೋಡಣೆಯಾಗದ ಪ್ಯಾನ್‌ಗಳು ನಿಷ್ಕ್ರಿಯಗೊಂಡವು. 2024ರ ಜನವರಿ 29ಕ್ಕೆ, ವಿನಾಯಿತಿ ಪಡೆದವರನ್ನು ಬಿಟ್ಟು, 11.48 ಕೋಟಿ ಪ್ಯಾನ್‌ಗಳು ಜೋಡಣೆಯಾಗದೆ ಉಳಿದಿದ್ದವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. 2023ರ ಜುಲೈ 1ರಿಂದ 2024ರ ಜನವರಿ 31ರವರೆಗೆ ಶುಲ್ಕದ ರೂಪದಲ್ಲಿ 601.97 ಕೋಟಿ ರೂಪಾಯಿ ಸಂಗ್ರಹವಾಗಿತ್ತು.

## ನಿಷ್ಕ್ರಿಯತೆಯ ಅರ್ಥ

ಮಾರ್ಪಡಿಸಿದ 114ಎಎಎ ನಿಯಮದ ಪ್ರಕಾರ ಪ್ಯಾನ್ ನಿಷ್ಕ್ರಿಯವಾಗಿರುವ ಅವಧಿಯಲ್ಲಿ ಉಂಟಾಗುವ ಪರಿಣಾಮಗಳು ಇವು:

* ವ್ಯಕ್ತಿಗೆ ಸಲ್ಲಬೇಕಾದ ತೆರಿಗೆ ಮರುಪಾವತಿಯನ್ನು ನೀಡಲಾಗುವುದಿಲ್ಲ.
* ಆ ಮರುಪಾವತಿಯ ಮೇಲೆ, ಪ್ಯಾನ್ ನಿಷ್ಕ್ರಿಯವಾಗಿದ್ದ ಅವಧಿಗೆ ಬಡ್ಡಿ ಸಲ್ಲುವುದಿಲ್ಲ.
* ಮೂಲದಲ್ಲಿ ತೆರಿಗೆ ಕಡಿತ (ಟಿಡಿಎಸ್) 206ಎಎ ಕಲಮಿನ ಹೆಚ್ಚಿನ ದರದಲ್ಲಿ ನಡೆಯುತ್ತದೆ.
* ಮೂಲದಲ್ಲಿ ತೆರಿಗೆ ಸಂಗ್ರಹ (ಟಿಸಿಎಸ್) 206ಸಿಸಿ ಕಲಮಿನ ಹೆಚ್ಚಿನ ದರದಲ್ಲಿ ನಡೆಯುತ್ತದೆ.

206ಎಎ ಕಲಂ ಮೂಲತಃ ಪ್ಯಾನ್ ಕೊಡದವರಿಗಾಗಿ ಇದ್ದುದು. ಅದರ ಪ್ರಕಾರ ಸಾಮಾನ್ಯ ದರ ಮತ್ತು ಶೇಕಡಾ 20, ಇವೆರಡರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ. ಶೇಕಡಾ 10ರ ದರದಲ್ಲಿ ತೆರಿಗೆ ಕಡಿತವಾಗಬೇಕಾದ ಠೇವಣಿ ಬಡ್ಡಿಗೆ ಇದು ದರವನ್ನು ಇಮ್ಮಡಿಗೊಳಿಸುತ್ತದೆ. ಶೇಕಡಾ 1ರ ದರವಿರುವ ಆಸ್ತಿ ಮಾರಾಟದಲ್ಲಿ ಇಪ್ಪತ್ತು ಪಟ್ಟು ಮಾಡುತ್ತದೆ. ಆದರೆ ತೆರಿಗೆ ಕಡಿತ ಮಾಡಬೇಕಾದ ಮಿತಿಯನ್ನೇ ಮೊತ್ತ ದಾಟಿಲ್ಲದಿದ್ದರೆ ಈ ಕಲಮಿನ ಪ್ರಶ್ನೆ ಬರುವುದಿಲ್ಲ. ಬಡ್ಡಿ ಮಿತಿಯೊಳಗಿರುವ ಸಣ್ಣ ಠೇವಣಿದಾರರಿಗೆ ಪ್ಯಾನ್ ನಿಷ್ಕ್ರಿಯವಾದದ್ದು ವರ್ಷಗಟ್ಟಲೆ ತಿಳಿಯದಿರಲು ಇದೊಂದು ಕಾರಣ.

ನಿಷ್ಕ್ರಿಯತೆ ಮತ್ತು ರದ್ದತಿಯನ್ನು ಒಂದೇ ಎಂದು ಭಾವಿಸುವುದುಂಟು. ನಿಷ್ಕ್ರಿಯ ಪ್ಯಾನ್ ಅಸ್ತಿತ್ವ ಕಳೆದುಕೊಂಡ ಪ್ಯಾನ್ ಅಲ್ಲವೆಂದೂ, ಅದರಿಂದ ವಿವರಪಟ್ಟಿ ಸಲ್ಲಿಸಬಹುದೆಂದೂ ಇಲಾಖೆ 2023ರ ಜುಲೈನಲ್ಲಿ ಸ್ಪಷ್ಟಪಡಿಸಿತು. ತೆರಿಗೆ ಪಾವತಿಸಬೇಕಾದ ಮತ್ತು ವಿವರಪಟ್ಟಿ ಸಲ್ಲಿಸಬೇಕಾದ ಹೊಣೆ ಹಾಗೆಯೇ ಮುಂದುವರಿಯುತ್ತದೆ. ಆದ್ದರಿಂದ ಪ್ಯಾನ್ ನಿಷ್ಕ್ರಿಯವಾಗಿದೆಯೆಂದು ವಿವರಪಟ್ಟಿ ಸಲ್ಲಿಸದೆ ಬಿಟ್ಟವರು ತಡವಾದ ಸಲ್ಲಿಕೆಯ ಶುಲ್ಕಕ್ಕೂ ಗುರಿಯಾಗಬಹುದು. ಹೊಸ ಪ್ಯಾನ್‌ಗೆ ಅರ್ಜಿ ಹಾಕುವುದು ಇನ್ನೂ ದೊಡ್ಡ ತಪ್ಪು. ಒಬ್ಬರು ಎರಡು ಪ್ಯಾನ್ ಹೊಂದುವಂತಿಲ್ಲ. 272ಬಿ ಕಲಮಿನಲ್ಲಿ ಇದಕ್ಕೆ 10,000 ರೂಪಾಯಿ ದಂಡವಿದೆ.

## ಠೇವಣಿ ಬಡ್ಡಿಯ ಒಂದು ಉದಾಹರಣೆ

ಪರಿಣಾಮಗಳು ಒಂದರ ಮೇಲೊಂದು ಹೇಗೆ ಬೀಳುತ್ತವೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಐವತ್ತೆರಡು ವರ್ಷದ ಗೃಹಿಣಿಯೊಬ್ಬರು ಬ್ಯಾಂಕಿನಲ್ಲಿ 8,00,000 ರೂಪಾಯಿಯನ್ನು ಶೇಕಡಾ 7ರ ಬಡ್ಡಿಗೆ ನಿಶ್ಚಿತ ಠೇವಣಿ ಇಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ 14,000 ರೂಪಾಯಿಯಂತೆ ವರ್ಷಕ್ಕೆ 56,000 ರೂಪಾಯಿ ಬಡ್ಡಿ ಬರುತ್ತದೆ. ಅವರಿಗೆ ಬೇರೆ ಆದಾಯವಿಲ್ಲ, ಆದ್ದರಿಂದ ತೆರಿಗೆಯೂ ಇಲ್ಲ.

2024–25ರ ಆರ್ಥಿಕ ವರ್ಷದಲ್ಲಿ 60 ವರ್ಷದೊಳಗಿನವರ ಬ್ಯಾಂಕ್ ಬಡ್ಡಿ 40,000 ರೂಪಾಯಿ ಮೀರಿದರೆ ಶೇಕಡಾ 10ರ ದರದಲ್ಲಿ ತೆರಿಗೆ ಕಡಿತವಾಗಬೇಕಿತ್ತು. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರು ವರ್ಷಾರಂಭದಲ್ಲಿ 15ಜಿ ನಮೂನೆಯಲ್ಲಿ ಘೋಷಣೆ ಕೊಟ್ಟರೆ ಏನೂ ಕಡಿತವಾಗುವುದಿಲ್ಲ. ಆದರೆ 206ಎಎ ಕಲಮಿನ ಪ್ರಕಾರ ಪ್ಯಾನ್ ಒದಗಿಸದವರ ಘೋಷಣೆ ಊರ್ಜಿತವಲ್ಲ. ಈ ಗೃಹಿಣಿಯ ಪ್ಯಾನ್ 2023ರ ಜುಲೈನಿಂದ ನಿಷ್ಕ್ರಿಯವಾಗಿದ್ದುದರಿಂದ ಬ್ಯಾಂಕ್ ಘೋಷಣೆಯನ್ನು ಪರಿಗಣಿಸದೆ ಶೇಕಡಾ 20ರ ದರದಲ್ಲಿ ಕಡಿತ ಮಾಡುತ್ತದೆ. ಪ್ರತಿ ತ್ರೈಮಾಸಿಕದಲ್ಲಿ 2,800 ರೂಪಾಯಿಯಂತೆ ವರ್ಷಕ್ಕೆ ಕಡಿತವಾದದ್ದು 11,200 ರೂಪಾಯಿ.

ಖಾತೆಗೆ 14,000ದ ಬದಲು 11,200 ರೂಪಾಯಿ ಜಮೆಯಾಗುತ್ತಿರುವುದೇ ಇದರ ಮೊದಲ ಕುರುಹು. ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಬಡ್ಡಿಯ ಮೊತ್ತ ಮತ್ತು ಕಡಿತದ ಮೊತ್ತವನ್ನು ಅಕ್ಕಪಕ್ಕದಲ್ಲಿ ನೋಡಿದರೆ ದರ ಹತ್ತೋ ಇಪ್ಪತ್ತೋ ಎಂಬುದು ಖಚಿತವಾಗುತ್ತದೆ.

ಅವರು 2025ರ ಆಗಸ್ಟ್‌ನಲ್ಲಿ 1,000 ರೂಪಾಯಿ ಶುಲ್ಕ ಕಟ್ಟಿ ಜೋಡಣೆಗೆ ಕೋರಿಕೆ ಸಲ್ಲಿಸಿದರು, ಸೆಪ್ಟೆಂಬರ್ 1ರಂದು ಪ್ಯಾನ್ ಸಕ್ರಿಯವಾಯಿತು, ಗಡುವಿನೊಳಗೆ ವಿವರಪಟ್ಟಿ ಸಲ್ಲಿಸಿದರು, ನವೆಂಬರ್‌ನಲ್ಲಿ ಮರುಪಾವತಿ ಬಂದಿತು ಎಂದುಕೊಳ್ಳೋಣ. ಕಡಿತವಾದ 11,200 ರೂಪಾಯಿ ಪೂರ್ತಿಯಾಗಿ ಹಿಂದಿರುಗುತ್ತದೆ. ಮರುಪಾವತಿಯ ಮೇಲೆ ತಿಂಗಳಿಗೆ ಶೇಕಡಾ 0.5ರಂತೆ ಬಡ್ಡಿ ಸಲ್ಲುತ್ತದೆ. ಸಾಮಾನ್ಯವಾಗಿ ಅದನ್ನು ಏಪ್ರಿಲ್ 1ರಿಂದ ಲೆಕ್ಕ ಹಾಕಿ ಎಂಟು ತಿಂಗಳಿಗೆ 448 ರೂಪಾಯಿ ಕೊಡಬೇಕಿತ್ತು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಪ್ಯಾನ್ ನಿಷ್ಕ್ರಿಯವಾಗಿದ್ದುದರಿಂದ ಆ ಐದು ತಿಂಗಳ 280 ರೂಪಾಯಿ ಕೈತಪ್ಪಿ, ಮೂರು ತಿಂಗಳ 168 ರೂಪಾಯಿ ಮಾತ್ರ ಸಿಗುತ್ತದೆ. ಶುಲ್ಕದ 1,000 ರೂಪಾಯಿ ಹಿಂದಿರುಗುವುದಿಲ್ಲ. ಹೀಗೆ ಶಾಶ್ವತವಾಗಿ ಹೋದದ್ದು 1,280 ರೂಪಾಯಿಯಷ್ಟೇ. ಆದರೆ ತೆರಿಗೆಯೇ ಇಲ್ಲದ ಕುಟುಂಬದ 11,200 ರೂಪಾಯಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಂಡಿತು. ಜೋಡಣೆ ಮಾಡದೆ ವಿವರಪಟ್ಟಿಯನ್ನಷ್ಟೇ ಸಲ್ಲಿಸಿದ್ದರೆ ಆ ಹಣ ಬರುತ್ತಲೇ ಇರಲಿಲ್ಲ.

## ಹಣ ಪಾವತಿಸುವವರ ಹೊಣೆ

ತೆರಿಗೆ ಕಡಿತ ಮಾಡಬೇಕಾದದ್ದು ಹಣ ಕೊಡುವವರ ಕರ್ತವ್ಯ. ಆದ್ದರಿಂದ ಪಡೆಯುವವರ ಪ್ಯಾನ್ ನಿಷ್ಕ್ರಿಯವಾಗಿದ್ದಾಗ ಕಡಿಮೆ ದರದಲ್ಲಿ ಕಡಿತ ಮಾಡಿದರೆ, ಉಳಿದ ಮೊತ್ತವನ್ನು ಇಲಾಖೆ ಕೊಟ್ಟವರಿಂದಲೇ ಕೇಳುತ್ತದೆ. ಮನೆ ಅಥವಾ ನಿವೇಶನ ಕೊಳ್ಳುವ ಸಾಮಾನ್ಯ ಜನರಿಗೆ ಇದು ತೀವ್ರವಾಗಿ ತಟ್ಟಿದೆ.

50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯನ್ನು ನಿವಾಸಿ ಮಾರಾಟಗಾರರಿಂದ ಕೊಳ್ಳುವವರು ಶೇಕಡಾ 1ರಷ್ಟು ತೆರಿಗೆ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು. 60 ಲಕ್ಷ ರೂಪಾಯಿಯ ಮನೆಗೆ ಇದು 60,000 ರೂಪಾಯಿ. ಮಾರಾಟಗಾರರ ಪ್ಯಾನ್ ನಿಷ್ಕ್ರಿಯವಾಗಿದ್ದರೆ ದರ ಶೇಕಡಾ 20, ಅಂದರೆ 12 ಲಕ್ಷ ರೂಪಾಯಿ. ಇದನ್ನು ಅರಿಯದೆ 60,000 ರೂಪಾಯಿ ಮಾತ್ರ ಕಡಿತ ಮಾಡಿ, ಉಳಿದ 59,40,000 ರೂಪಾಯಿಯನ್ನು ಮಾರಾಟಗಾರರಿಗೆ ಕೊಟ್ಟು ನೋಂದಣಿ ಮುಗಿಸಿದ ಕೊಳ್ಳುಗರಿಗೆ, ಕಡಿಮೆ ಬಿದ್ದ 11,40,000 ರೂಪಾಯಿಯನ್ನು ಬಡ್ಡಿಯೊಂದಿಗೆ ಕಟ್ಟುವಂತೆ ನೋಟಿಸು ಬರುತ್ತದೆ. ಮಾರಾಟಗಾರರು ಅಷ್ಟರಲ್ಲಿ ಹಣ ಪಡೆದು ದೂರವಾಗಿರುತ್ತಾರೆ.

ಇಂತಹ ನೋಟಿಸುಗಳ ಬಗ್ಗೆ ದೂರುಗಳು ಬಂದುದರಿಂದ ಮಂಡಳಿ ಸುತ್ತೋಲೆಗಳ ಮೂಲಕ ಪರಿಹಾರ ನೀಡಿತು. 2024ರ ಏಪ್ರಿಲ್ 23ರ ಸುತ್ತೋಲೆಯಂತೆ, 2024ರ ಮಾರ್ಚ್ 31ರವರೆಗಿನ ವ್ಯವಹಾರಗಳಲ್ಲಿ ಪ್ಯಾನ್ ಅದೇ ವರ್ಷದ ಮೇ 31ರೊಳಗೆ ಸಕ್ರಿಯವಾದರೆ, ಪಾವತಿಸಿದವರ ಮೇಲೆ ಹೆಚ್ಚಿನ ದರದ ಹೊಣೆ ಇರುವುದಿಲ್ಲ. 2025ರ ಜುಲೈ 21ರ ಸುತ್ತೋಲೆ ಇದನ್ನು ಮುಂದುವರಿಸಿತು. 2024ರ ಏಪ್ರಿಲ್ 1ರಿಂದ 2025ರ ಜುಲೈ 31ರವರೆಗಿನ ಪಾವತಿಗಳಿಗೆ, ಪ್ಯಾನ್ 2025ರ ಸೆಪ್ಟೆಂಬರ್ 30ರೊಳಗೆ ಸಕ್ರಿಯವಾಗಬೇಕಿತ್ತು. 2025ರ ಆಗಸ್ಟ್ 1ರಿಂದ ಮುಂದಿನ ಪಾವತಿಗಳಿಗೆ, ಪಾವತಿಸಿದ ತಿಂಗಳ ಅಂತ್ಯದಿಂದ ಎರಡು ತಿಂಗಳೊಳಗೆ ಪ್ಯಾನ್ ಸಕ್ರಿಯವಾಗಬೇಕು. ಮೇಲಿನ ಮನೆಯ ಹಣವನ್ನು 2025ರ ಅಕ್ಟೋಬರ್ 10ರಂದು ಕೊಟ್ಟಿದ್ದರೆ, ಮಾರಾಟಗಾರರ ಪ್ಯಾನ್ ಡಿಸೆಂಬರ್ 31ರೊಳಗೆ ಸಕ್ರಿಯವಾಗಬೇಕು. ಆಗ 11,40,000 ರೂಪಾಯಿಯ ಬೇಡಿಕೆ ನಿಲ್ಲುವುದಿಲ್ಲ. ಶೇಕಡಾ 1ರ ಸಾಮಾನ್ಯ ಕಡಿತ ಮಾತ್ರ ಎಂದಿನಂತೆ ಆಗಿರಲೇಬೇಕು.

ಈ ಪರಿಹಾರಕ್ಕೆ ಒಂದು ಮಿತಿಯಿದೆ. ಪ್ಯಾನ್ ಸಕ್ರಿಯಗೊಳಿಸುವುದು ಅದನ್ನು ಹೊಂದಿದವರಿಂದ ಮಾತ್ರ ಸಾಧ್ಯ, ಪರಿಣಾಮ ಮಾತ್ರ ಪಾವತಿಸಿದವರ ಮೇಲೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಮಾರಾಟಗಾರರಿಂದ ಜೋಡಣೆಯ ಸ್ಥಿತಿಯನ್ನು ತೋರಿಸಿಕೊಳ್ಳುವುದು, ಕ್ರಯದ ಕರಾರಿನಲ್ಲಿ ಅದನ್ನು ನಮೂದಿಸುವುದು ಕೊಳ್ಳುಗರಿಗಿರುವ ರಕ್ಷಣೆ. ಇನ್ನೊಂದೆಡೆ, ಹೆಚ್ಚಿನ ದರದಲ್ಲಿ ಕಡಿತವಾಗಿ ಸರ್ಕಾರಕ್ಕೆ ಸಂದಾಯವಾದ ಹಣವನ್ನು ಈ ಸುತ್ತೋಲೆಗಳ ಆಧಾರದಲ್ಲಿ ಬ್ಯಾಂಕಿನಿಂದಾಗಲಿ ಕೊಳ್ಳುಗರಿಂದಾಗಲಿ ಮರಳಿ ಕೇಳಲಾಗದು. ಅದು ವಿವರಪಟ್ಟಿಯ ಮೂಲಕವೇ ಹಿಂದಿರುಗಬೇಕು.

## ಜೋಡಣೆಯ ಕ್ರಮ

ಮೊದಲಿಗೆ `incometax.gov.in` ಜಾಲತಾಣದಲ್ಲಿ `Link Aadhaar Status` ಎಂಬಲ್ಲಿ ಪ್ಯಾನ್ ಮತ್ತು ಆಧಾರ್ ಸಂಖ್ಯೆಗಳನ್ನು ನಮೂದಿಸಿ ಸ್ಥಿತಿಯನ್ನು ನೋಡಬೇಕು. ಇದಕ್ಕೆ ಲಾಗಿನ್ ಬೇಕಿಲ್ಲ. ಮೂರು ಬಗೆಯ ಉತ್ತರಗಳು ಬರಬಹುದು: ಜೋಡಣೆಯಾಗಿದೆ, ಜೋಡಣೆಯಾಗಿಲ್ಲ, ಅಥವಾ ಪ್ಯಾನ್ ಬೇರೊಂದು ಆಧಾರ್‌ನೊಂದಿಗೆ ಜೋಡಣೆಯಾಗಿದೆ. ಮೂರನೆಯ ಉತ್ತರ ಬಂದರೆ, ತಪ್ಪು ಜೋಡಣೆಯನ್ನು ಬಿಡಿಸುವಂತೆ ತಮ್ಮ ವ್ಯಾಪ್ತಿಯ ತೆರಿಗೆ ನಿರ್ಧಾರಣಾ ಅಧಿಕಾರಿಗೆ ಮನವಿ ಸಲ್ಲಿಸಬೇಕು.

ಜೋಡಣೆಯಾಗಿಲ್ಲದಿದ್ದರೆ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತ ಶುಲ್ಕ ಪಾವತಿ. `e-Pay Tax` ಸೇವೆಯಲ್ಲಿ ಪಾವತಿಯ ಬಗೆಯನ್ನು `Other Receipts (500)` ಎಂದೂ, ಅದರೊಳಗೆ ವಿಳಂಬ ಜೋಡಣೆಯ ಶುಲ್ಕವೆಂದೂ ಆರಿಸಿ 1,000 ರೂಪಾಯಿ ಕಟ್ಟಬೇಕು. ಬೇರೆ ಶೀರ್ಷಿಕೆಯಡಿ ಕಟ್ಟಿದ ಹಣವನ್ನು ಜೋಡಣೆಯ ಪುಟ ಗುರುತಿಸುವುದಿಲ್ಲ. ಎರಡನೆಯ ಹಂತದಲ್ಲಿ `Link Aadhaar` ಪುಟದಲ್ಲಿ ಎರಡೂ ಸಂಖ್ಯೆಗಳನ್ನು ಮತ್ತು ಆಧಾರ್‌ನಲ್ಲಿರುವಂತೆಯೇ ಹೆಸರನ್ನು ಕೊಟ್ಟು, ಮೊಬೈಲಿಗೆ ಬರುವ ಒಟಿಪಿ ನಮೂದಿಸಿ ಕೋರಿಕೆ ಸಲ್ಲಿಸಬೇಕು. ಶುಲ್ಕದ ವಿವರ ಈ ಪುಟದಲ್ಲಿ ಕಾಣಿಸಿಕೊಳ್ಳಲು ಕೆಲವು ದಿನಗಳಾಗಬಹುದು. ಅಷ್ಟರಲ್ಲಿ ಆತಂಕದಿಂದ ಮತ್ತೊಮ್ಮೆ ಶುಲ್ಕ ಕಟ್ಟಬೇಕಾದ ಅಗತ್ಯವಿಲ್ಲ.

ಇಲಾಖೆ ಕೋರಿಕೆಯನ್ನು ಪರಿಶೀಲನೆಗಾಗಿ ಗುರುತು ಪ್ರಾಧಿಕಾರಕ್ಕೆ ಕಳುಹಿಸುತ್ತದೆ. ವಿವರಗಳು ಹೊಂದಿದರೆ, ಆಧಾರ್ ತಿಳಿಸಿದ ದಿನದಿಂದ 30 ದಿನಗಳೊಳಗೆ ಪ್ಯಾನ್ ಮತ್ತೆ ಸಕ್ರಿಯವಾಗುತ್ತದೆ. ಶುಲ್ಕ ಕಟ್ಟಿದ ಮಾತ್ರಕ್ಕೆ ಜೋಡಣೆ ಮುಗಿಯುವುದಿಲ್ಲ. ಎರಡನೆಯ ಹಂತವನ್ನು ಮರೆತವರ ಪ್ಯಾನ್ ನಿಷ್ಕ್ರಿಯವಾಗಿಯೇ ಉಳಿಯುತ್ತದೆ.

## ವಿವರಗಳು ಹೊಂದದಿದ್ದಾಗ

ಕೋರಿಕೆ ತಿರಸ್ಕೃತವಾಗಲು ಸಾಮಾನ್ಯ ಕಾರಣ ಎರಡು ದಾಖಲೆಗಳ ವಿವರಗಳಲ್ಲಿರುವ ವ್ಯತ್ಯಾಸ. ಹೆಸರು, ಜನ್ಮದಿನಾಂಕ, ಲಿಂಗ ಈ ಮೂರನ್ನು ಹೋಲಿಸಲಾಗುತ್ತದೆ. ಜನ್ಮದಿನಾಂಕ ಮತ್ತು ಲಿಂಗ ತಪ್ಪದೆ ಹೊಂದಬೇಕು. ಹೆಸರಿನಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಆಧಾರ್ ಒಟಿಪಿಯ ಮೂಲಕ ಮುಂದುವರಿಯಬಹುದು. ಹೆಸರು ಪೂರ್ಣವಾಗಿ ಬೇರೆಯಾಗಿದ್ದರೆ ತಿದ್ದುಪಡಿ ಅನಿವಾರ್ಯ.

ಕರ್ನಾಟಕದ ಹೆಸರುಗಳಲ್ಲಿ ಈ ತೊಡಕು ಹೆಚ್ಚು. ಇಲ್ಲಿ ಊರಿನ ಮತ್ತು ತಂದೆಯ ಹೆಸರುಗಳನ್ನು ಮೊದಲಕ್ಷರಗಳಾಗಿ ಬರೆಯುವ ರೂಢಿಯಿದೆ. ಪ್ಯಾನ್ ಅರ್ಜಿ ಕೊನೆಯ ಹೆಸರಿನ ಸ್ಥಾನದಲ್ಲಿ ಮೊದಲಕ್ಷರಗಳನ್ನು ಒಪ್ಪುವುದಿಲ್ಲ, ಅವನ್ನು ಬಿಡಿಸಿ ಬರೆಯಬೇಕು. ಹೀಗಾಗಿ ಆಧಾರ್‌ನಲ್ಲಿ ‘ಕೆ. ಎಸ್. ಲಕ್ಷ್ಮೀದೇವಿ’ ಎಂದಿರುವ ಹೆಸರು ಪ್ಯಾನ್‌ನಲ್ಲಿ ‘ಲಕ್ಷ್ಮೀದೇವಿ ಕೆರೆಹಳ್ಳಿ ಶಿವಣ್ಣ’ ಎಂದಾಗಿರಬಹುದು. ಮದುವೆಯ ಬಳಿಕ ಒಂದು ದಾಖಲೆಯಲ್ಲಿ ಗಂಡನ ಹೆಸರು ಸೇರಿ, ಇನ್ನೊಂದರಲ್ಲಿ ತಂದೆಯ ಹೆಸರು ಉಳಿದಿರುವುದೂ ಉಂಟು. ಜನ್ಮದಿನಾಂಕದ ತೊಡಕು ಹಿರಿಯರಲ್ಲಿ ಹೆಚ್ಚು. ಪ್ಯಾನ್‌ನಲ್ಲಿ ಶಾಲಾ ದಾಖಲೆಯ ದಿನಾಂಕವಿದ್ದು, ವಯಸ್ಸನ್ನಷ್ಟೇ ಹೇಳಿ ನೋಂದಾಯಿಸಿಕೊಂಡವರ ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇರಬಹುದು. ಇಂತಹವರಿಗಾಗಿ ಜೋಡಣೆಯ ಪುಟದಲ್ಲಿ, ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ ಎಂದು ಗುರುತು ಹಾಕುವ ಅವಕಾಶವಿದೆ.

ಎರಡರಲ್ಲಿ ಯಾವುದನ್ನು ತಿದ್ದಿಸಬೇಕೆಂಬುದನ್ನು ಯೋಚಿಸಿ ನಿರ್ಧರಿಸಬೇಕಾಗುತ್ತದೆ. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಜನ್ಮದಿನಾಂಕ ಮತ್ತು ಲಿಂಗವನ್ನು ಒಂದೊಂದು ಬಾರಿ ಮಾತ್ರ ಬದಲಿಸಲು ಸಾಮಾನ್ಯವಾಗಿ ಅವಕಾಶವಿದೆ. ಆ ಅವಕಾಶವನ್ನು ತಪ್ಪು ದಿನಾಂಕಕ್ಕೆ ಬಳಸಿದರೆ ಮತ್ತೆ ಸರಿಪಡಿಸುವುದು ಕಷ್ಟ. ಪ್ಯಾನ್‌ನ ವಿವರಗಳನ್ನು ಪ್ರೋಟಿಯನ್ (ಹಿಂದಿನ ಎನ್‌ಎಸ್‌ಡಿಎಲ್) ಅಥವಾ ಯುಟಿಐಐಟಿಎಸ್‌ಎಲ್ ಸಂಸ್ಥೆಗಳ ಮೂಲಕ ತಿದ್ದಿಸಬಹುದು. ತಿದ್ದುಪಡಿಯಾದರೂ ಪ್ಯಾನ್ ಸಂಖ್ಯೆ ಬದಲಾಗುವುದಿಲ್ಲ. ಈ ಸಂಸ್ಥೆಗಳ ನಿಗದಿತ ಕೇಂದ್ರಗಳಲ್ಲಿ ಬೆರಳಚ್ಚಿನ ಮೂಲಕ ಗುರುತು ದೃಢಪಡಿಸಿ ಜೋಡಿಸುವ ವ್ಯವಸ್ಥೆಯೂ ಇದೆ. ಆಧಾರ್‌ಗೆ ನೋಂದಾಯಿಸಿದ ಮೊಬೈಲ್ ಸಂಖ್ಯೆ ಈಗ ಬಳಕೆಯಲ್ಲಿಲ್ಲದವರಿಗೂ ಇದು ಉಪಯುಕ್ತ. ಶುಲ್ಕ ಕಟ್ಟಿದ ಬಳಿಕ ಕೋರಿಕೆ ತಿರಸ್ಕೃತವಾದರೆ, ತಿದ್ದುಪಡಿಯ ನಂತರ ಅದೇ ಶುಲ್ಕದ ಆಧಾರದಲ್ಲಿ ಮರುಕೋರಿಕೆ ಸಲ್ಲಿಸಬಹುದು.

## ವಿನಾಯಿತಿ

2017ರ ಮೇ 11ರ ಅಧಿಸೂಚನೆಯಂತೆ, ಆಧಾರ್ ಹೊಂದಿಲ್ಲದ ನಾಲ್ಕು ವರ್ಗಗಳ ವ್ಯಕ್ತಿಗಳಿಗೆ ಈ ಕಲಂ ಅನ್ವಯಿಸುವುದಿಲ್ಲ. ಅಸ್ಸಾಂ, ಮೇಘಾಲಯ ಮತ್ತು ಜಮ್ಮು–ಕಾಶ್ಮೀರದ ನಿವಾಸಿಗಳು, ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಅನಿವಾಸಿಗಳಾದವರು, 80 ಅಥವಾ ಹೆಚ್ಚಿನ ವಯಸ್ಸಿನವರು ಹಾಗೂ ಭಾರತದ ಪೌರರಲ್ಲದವರು ಈ ವರ್ಗಗಳಿಗೆ ಸೇರುತ್ತಾರೆ.

ಅನಿವಾಸಿಗಳ ವಿನಾಯಿತಿ ತಾನಾಗಿಯೇ ದಾಖಲಾಗುವುದಿಲ್ಲ. ಕರಾವಳಿ ಕರ್ನಾಟಕದಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗಿ ನೆಲೆಸಿದವರಂತೆ, ಊರಿನಲ್ಲಿದ್ದಾಗ ಪ್ಯಾನ್ ಪಡೆದು ಬಳಿಕ ವಿದೇಶಕ್ಕೆ ತೆರಳಿದವರು ಇಲಾಖೆಯ ದಾಖಲೆಯಲ್ಲಿ ನಿವಾಸಿಗಳಾಗಿಯೇ ಉಳಿದಿರಬಹುದು. ಅಂತಹ ಹಲವರ ಪ್ಯಾನ್‌ಗಳು 2023ರಲ್ಲಿ ನಿಷ್ಕ್ರಿಯಗೊಂಡವು. ಅವರು ಪಾಸ್‌ಪೋರ್ಟಿನ ಪ್ರತಿ ಮೊದಲಾದ ದಾಖಲೆಗಳೊಂದಿಗೆ ತಮ್ಮ ವ್ಯಾಪ್ತಿಯ ನಿರ್ಧಾರಣಾ ಅಧಿಕಾರಿಗೆ ನಿವಾಸಸ್ಥಿತಿಯನ್ನು ತಿಳಿಸಿ ದಾಖಲೆ ಸರಿಪಡಿಸಿಕೊಳ್ಳಬೇಕೆಂದು ಇಲಾಖೆ ಸೂಚಿಸಿದೆ.

## ನೋಂದಣಿ ಗುರುತಿನ ಮೇಲೆ ಪಡೆದ ಪ್ಯಾನ್‌ಗಳು

ಆಧಾರ್ ಇನ್ನೂ ಕೈಸೇರದವರು ಆಧಾರ್ ನೋಂದಣಿಯ ಸ್ವೀಕೃತಿ ಚೀಟಿಯಲ್ಲಿನ ಸಂಖ್ಯೆಯನ್ನು ಕೊಟ್ಟು ಪ್ಯಾನ್ ಪಡೆಯಲು ಮೊದಲು ಅವಕಾಶವಿತ್ತು. 2024ರ ಅಕ್ಟೋಬರ್ 1ರಿಂದ ಇದು ನಿಂತಿತು. ಅದಕ್ಕೆ ಮೊದಲು ಹೀಗೆ ಪ್ಯಾನ್ ಪಡೆದವರು ತಮ್ಮ ಆಧಾರ್ ಸಂಖ್ಯೆಯನ್ನು 2025ರ ಡಿಸೆಂಬರ್ 31ರೊಳಗೆ ತಿಳಿಸಬೇಕೆಂದು 2025ರ ಏಪ್ರಿಲ್ 3ರ ಅಧಿಸೂಚನೆ ವಿಧಿಸಿತು. ಈ ಗಡುವು ಇವರಿಗೆ ಮಾತ್ರ ಸಂಬಂಧಿಸಿದ್ದು. 2017ಕ್ಕೆ ಮೊದಲೇ ಪ್ಯಾನ್ ಹೊಂದಿದ್ದ ಇತರರಿಗೆ ಹೊಸ ಗಡುವು ಸಿಕ್ಕಿತೆಂದು ಇದನ್ನು ತಪ್ಪಾಗಿ ಅರ್ಥೈಸಿದ್ದುಂಟು. ಅವರ ಪ್ಯಾನ್ 2023ರ ಜುಲೈ 1ರಿಂದಲೇ ನಿಷ್ಕ್ರಿಯವಾಗಿದ್ದು, ಶುಲ್ಕ ಕಟ್ಟಿ ಜೋಡಿಸಿದ ನಂತರವಷ್ಟೇ ಸಕ್ರಿಯವಾಗುತ್ತದೆ.

## 2025ರ ಆದಾಯ ತೆರಿಗೆ ಕಾಯ್ದೆ

1961ರ ಕಾಯ್ದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯಿಸುತ್ತದೆ. ಪ್ಯಾನ್ ಮತ್ತು ಆಧಾರ್ ಕುರಿತ ವಿಧಿಗಳನ್ನು ಅದರ 262ನೆಯ ಕಲಮಿನಲ್ಲಿ ಒಟ್ಟುಗೂಡಿಸಲಾಗಿದೆ. ಆಧಾರ್ ತಿಳಿಸದಿದ್ದರೆ ಪ್ಯಾನ್ ನಿಷ್ಕ್ರಿಯವಾಗುವ ತತ್ತ್ವ ಅಲ್ಲಿಯೂ ಮುಂದುವರಿದಿದೆ. ಈ ಲೇಖನದಲ್ಲಿ ಉಲ್ಲೇಖಿಸಿದ ಇತರ ಕಲಮುಗಳ ಸಂಖ್ಯೆಗಳು 1961ರ ಕಾಯ್ದೆಗೆ ಸೇರಿದವು. 2026ರ ಮಾರ್ಚ್ 31ರವರೆಗಿನ ಆದಾಯ, ಕಡಿತ ಮತ್ತು ಮರುಪಾವತಿಗಳ ವಿಷಯದಲ್ಲಿ ಹಳೆಯ ಕಾಯ್ದೆಯ ವಿಧಿಗಳೇ ಅನ್ವಯವಾಗುತ್ತವೆ.